ಒಂದೇ ವಾಚು, ಎರಡು ಸರಿಯುತ್ತರ

ಒಂದು ಉತ್ಪನ್ನದ ಮಾರಾಟ ಈ ವರ್ಷವೂ ಹೆಚ್ಚಿದೆ. ಆದರೆ ಹೋದ ವರ್ಷ ಹೆಚ್ಚಿದಷ್ಟು ಹೆಚ್ಚಿಲ್ಲ. ಪೈಪೋಟಿಗೆ ಬಿದ್ದ ಕಂಪನಿಗಳು ಬೆಲೆ ಇಳಿಸುತ್ತಿವೆ, ಅಂಗಡಿಯವರಿಗೆ ಹೆಚ್ಚಿನ ಕಮಿಷನ್ ಕೊಡುತ್ತಿವೆ. ಈ ಉತ್ಪನ್ನ ಯಾವ ಹಂತದಲ್ಲಿದೆ? (ಎ) ಪರಿಚಯ (ಬಿ) ಬೆಳವಣಿಗೆ (ಸಿ) ಪಕ್ವತೆ (ಡಿ) ಅವನತಿ.

ಬಿ.ಕಾಂ., ಎಂ.ಬಿ.ಎ. ತರಗತಿಗಳಲ್ಲಿ, ಕೆ-ಸೆಟ್, ಯುಜಿಸಿ ನೆಟ್ ಪರೀಕ್ಷೆಗಳಿಗೆ ಓದುವವರ ನಡುವೆ ಇಂಥ ಪ್ರಶ್ನೆಗಳು ಸದಾ ಓಡಾಡುತ್ತಿರುತ್ತವೆ. ‘ಹೆಚ್ಚಿದೆ’ ಎಂಬ ಮೊದಲ ಮಾತಿಗೇ ಕಣ್ಣು ನೆಟ್ಟವರು ‘ಬೆಳವಣಿಗೆ’ಗೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಸರಿಯುತ್ತರ ‘ಪಕ್ವತೆ’. ಹಂತವನ್ನು ತೀರ್ಮಾನಿಸುವುದು ಮಾರಾಟದ ಮೊತ್ತವಲ್ಲ, ಅದು ಏರುವ ವೇಗ. ವೇಗ ಕುಗ್ಗತೊಡಗಿದ ದಿನದಿಂದಲೇ ಪಕ್ವತೆಯ ಹಂತ ಶುರುವಾಯಿತೆಂದು ಪಠ್ಯಪುಸ್ತಕಗಳು ಲೆಕ್ಕ ಹಿಡಿಯುತ್ತವೆ. ಆ ಹಂತದ ಮೊದಲ ಭಾಗದಲ್ಲಿ ಮಾರಾಟ ಇನ್ನೂ ಏರುತ್ತಲೇ ಇರುತ್ತದೆ. ಪ್ರಶ್ನೆ ಬರೆದವರು ಬಲೆ ಹಾಸಿರುವುದು ಅಲ್ಲಿಯೇ.

ಉತ್ಪನ್ನಕ್ಕೂ ಹುಟ್ಟು, ಏಳಿಗೆ, ನಡುವಯಸ್ಸು, ಇಳಿಗಾಲಗಳುಂಟು ಎಂಬ ಈ ವಿಚಾರ ಪ್ರಚಾರಕ್ಕೆ ಬಂದು ಬಹಳ ಕಾಲವೇನೂ ಆಗಿಲ್ಲ. ಹೊಸ ಸರಕಿಗೆ ಬೆಲೆ ಕಟ್ಟುವುದು ಹೇಗೆಂದು ಜೋಯೆಲ್ ಡೀನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1950ರಲ್ಲಿ ಬರೆದ ಲೇಖನದಲ್ಲಿ ಇದರ ಬೇರುಗಳಿವೆ. 1965ರಲ್ಲಿ ಥಿಯೋಡರ್ ಲೆವಿಟ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ, ಈ ಚಕ್ರವನ್ನು ತಿಳಿದುಕೊಂಡರೆ ಸಾಲದು, ಕಂಪನಿಗಳು ಅದನ್ನು ದುಡಿಸಿಕೊಳ್ಳಬೇಕು ಎಂದು ವಾದಿಸಿದರು. ಮುಂದೆ ಫಿಲಿಪ್ ಕಾಟ್ಲರ್ ಅವರ ಮಾರುಕಟ್ಟೆ ನಿರ್ವಹಣೆಯ ಪಠ್ಯಪುಸ್ತಕ ಇದನ್ನು ಒಂದು ಕೋಷ್ಟಕವಾಗಿ ಹರಡಿತು: ಅಡ್ಡಕ್ಕೆ ನಾಲ್ಕು ಹಂತ, ಉದ್ದಕ್ಕೆ ಉತ್ಪನ್ನ, ಬೆಲೆ, ವಿತರಣೆ, ಜಾಹೀರಾತು. ಇವತ್ತಿನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಕೋಷ್ಟಕದ ಒಂದೊಂದು ಮನೆಯಿಂದ ಎದ್ದು ಬಂದವು. ಕೋಷ್ಟಕವನ್ನು ಬಾಯಿಪಾಠ ಮಾಡಿದವರು ನೇರ ಪ್ರಶ್ನೆಗಳನ್ನು ದಾಟುತ್ತಾರೆ. ಸ್ವಲ್ಪ ತಿರುಚಿ ಕೇಳಿದರೆ ಎಡವುತ್ತಾರೆ. ಪ್ರತಿ ಮನೆಯಲ್ಲೂ ಆ ಮಾತು ಯಾಕಿದೆ ಎಂಬುದಕ್ಕೆ ಒಂದು ಕಾರಣವಿದೆ. ಆ ಕಾರಣವನ್ನು ಹಿಡಿಯಲು ಒಂದು ನಿಜವಾದ ಉತ್ಪನ್ನದ ಬೆನ್ನು ಹತ್ತಬೇಕು. ಕನ್ನಡಿಗರಿಗೆ ಅದಕ್ಕೆ ಕೈಗಡಿಯಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು, ಏಕೆಂದರೆ ಆ ಕಥೆಯ ಬಹುಪಾಲು ನಡೆದದ್ದು ಬೆಂಗಳೂರಿನ ಆಸುಪಾಸಿನಲ್ಲೇ.

ಬೆಲೆಯೂ ಪ್ರಚಾರವೂ

1969ರ ಕ್ರಿಸ್‌ಮಸ್ ದಿನ ಜಪಾನಿನ ಸೈಕೊ ಕಂಪನಿ ‘ಆಸ್ಟ್ರಾನ್’ ಎಂಬ ವಾಚನ್ನು ಟೋಕಿಯೊದಲ್ಲಿ ಮಾರಾಟಕ್ಕಿಟ್ಟಿತು. ಅದಕ್ಕೆ ಕೀ ಕೊಡಬೇಕಿರಲಿಲ್ಲ. ಒಳಗೆ ಸ್ಪ್ರಿಂಗಿನ ಬದಲು ಸೆಲ್ಲು, ಕಾಲ ಎಣಿಸಲು ಕ್ವಾರ್ಟ್ಜ್ ಹರಳು. ಬೆಲೆ 4,50,000 ಯೆನ್; ಆ ಕಾಲಕ್ಕೆ ಅದು ಒಂದು ಸಣ್ಣ ಕಾರಿನ ಬೆಲೆ. ಹೊಸ ತಂತ್ರಜ್ಞಾನ, ಕೈಬೆರಳೆಣಿಕೆಯ ಗಿರಾಕಿಗಳು, ಪ್ರತಿ ವಾಚಿಗೂ ಭಾರೀ ತಯಾರಿಕಾ ವೆಚ್ಚ. ಪರಿಚಯ ಹಂತದ ಲಕ್ಷಣಗಳೆಲ್ಲ ಇಲ್ಲಿವೆ. ಮೊದಲು ಕೊಳ್ಳುವವರು ಹೊಸದರ ಹುಚ್ಚಿನವರು. ಎವರೆಟ್ ರೋಜರ್ಸ್ 1962ರಲ್ಲಿ ಮಾಡಿದ ವಿಂಗಡಣೆಯಲ್ಲಿ ಅಂಥವರು ಒಟ್ಟು ಕೊಳ್ಳುವವರಲ್ಲಿ ಶೇ. 2.5ರಷ್ಟು ಮಾತ್ರ. ಅವರು ಬೆಲೆಗೆ ಹೆದರುವುದಿಲ್ಲ. ಹೀಗೆ ಮೇಲಿನ ಬೆಲೆಯಿಟ್ಟು, ಹಾಲಿನ ಮೇಲಿನ ಕೆನೆಯಂತೆ ಲಾಭವನ್ನು ಮೊದಲು ತೆಗೆದುಕೊಳ್ಳುವುದು ‘ಸ್ಕಿಮ್ಮಿಂಗ್’. ಕಡಿಮೆ ಬೆಲೆಯಿಟ್ಟು ಜನಸಾಗರದೊಳಗೆ ಒಮ್ಮೆಲೇ ನುಗ್ಗುವುದು ‘ಪೆನಿಟ್ರೇಷನ್’.

ಈ ಎರಡು ಬೆಲೆಗಳ ಜೊತೆಗೆ ಪ್ರಚಾರದ ಖರ್ಚು ಹೆಚ್ಚೋ ಕಡಿಮೆಯೋ ಎಂಬುದನ್ನು ಸೇರಿಸಿದರೆ ನಾಲ್ಕು ತಂತ್ರಗಳಾಗುತ್ತವೆ. ಪರೀಕ್ಷೆಯಲ್ಲಿ ಪದೇಪದೇ ಬರುವ ಪ್ರಶ್ನೆ ಇಲ್ಲಿಂದಲೇ:

‘ಮಾರುಕಟ್ಟೆ ದೊಡ್ಡದು, ಜನರಿಗೆ ಉತ್ಪನ್ನದ ಪರಿಚಯವಿಲ್ಲ, ಬೆಲೆಯ ವಿಷಯದಲ್ಲಿ ಗಿರಾಕಿ ಬಿಗಿ, ಪೈಪೋಟಿ ಸದ್ಯದಲ್ಲೇ ಬರಲಿದೆ. ಯಾವ ತಂತ್ರ ಸೂಕ್ತ? (ಎ) ವೇಗದ ಸ್ಕಿಮ್ಮಿಂಗ್ (ಬಿ) ನಿಧಾನದ ಸ್ಕಿಮ್ಮಿಂಗ್ (ಸಿ) ವೇಗದ ಪೆನಿಟ್ರೇಷನ್ (ಡಿ) ನಿಧಾನದ ಪೆನಿಟ್ರೇಷನ್.’

ನಾಲ್ಕು ಹೆಸರುಗಳನ್ನು ಗಿಳಿಪಾಠ ಮಾಡಿದವರಿಗೆ ಇಲ್ಲಿ ಗೊಂದಲ ತಪ್ಪಿದ್ದಲ್ಲ. ಎರಡೇ ಪ್ರಶ್ನೆ ಕೇಳಿಕೊಂಡರೆ ಗೊಂದಲವಿಲ್ಲ. ಜನರಿಗೆ ಈ ಸರಕಿನ ಬಗ್ಗೆ ಗೊತ್ತಿದೆಯೇ? ಇಲ್ಲದಿದ್ದರೆ ಪ್ರಚಾರಕ್ಕೆ ಖರ್ಚು ಮಾಡಲೇಬೇಕು, ಆಗ ಅದು ‘ವೇಗದ’ ತಂತ್ರ. ಗೊತ್ತಿದ್ದರೆ ‘ನಿಧಾನದ’ ತಂತ್ರ ಸಾಕು. ಎರಡನೆಯದು, ಜನ ಬೆಲೆ ನೋಡಿ ಹಿಂಜರಿಯುತ್ತಾರೆಯೇ? ಹಿಂಜರಿಯುವುದಾದರೆ ಪೆನಿಟ್ರೇಷನ್, ಇಲ್ಲವಾದರೆ ಸ್ಕಿಮ್ಮಿಂಗ್. ಮೇಲಿನ ಪ್ರಶ್ನೆಯಲ್ಲಿ ಜನರಿಗೆ ಗೊತ್ತಿಲ್ಲ, ಬೆಲೆಗೆ ಹಿಂಜರಿಯುತ್ತಾರೆ, ಉತ್ತರ (ಸಿ). ಪೈಪೋಟಿ ಹತ್ತಿರದಲ್ಲಿದೆ ಎಂಬ ಸೂಚನೆ ಕೂಡ ಕಡಿಮೆ ಬೆಲೆಯ ಕಡೆಗೇ ವಾಲುತ್ತದೆ, ಏಕೆಂದರೆ ಮೇಲಿನ ಬೆಲೆ ಇಟ್ಟರೆ ಅದು ಎದುರಾಳಿಗೆ ಕೊಟ್ಟ ಆಹ್ವಾನವಾಗುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ರೀತಿ ವೇಗದ ಪೆನಿಟ್ರೇಷನ್‌ಗೆ ಹತ್ತಿರದ ನಿದರ್ಶನ. ದೊಡ್ಡ ಪ್ರಚಾರ, ತಿಂಗಳುಗಟ್ಟಲೆ ಉಚಿತ ಸೇವೆ. ಆದರೆ ಇದನ್ನು ಉದಾಹರಣೆಯಾಗಿ ಕೊಟ್ಟ ಕೂಡಲೇ ಜಾಣ ವಿದ್ಯಾರ್ಥಿಯೊಬ್ಬ ಕೈಯೆತ್ತಬಹುದು: ಮೊಬೈಲ್ ಸೇವೆ ಭಾರತಕ್ಕೆ ಬಂದದ್ದು 1995ರಲ್ಲಿ ಅಲ್ಲವೇ, 2016ರಲ್ಲಿ ಅದು ಪರಿಚಯ ಹಂತದಲ್ಲಿ ಇತ್ತೆಂದರೆ ಹೇಗೆ? ಸೇವೆ ಹಳೆಯದು, ಬ್ರ್ಯಾಂಡು ಹೊಸದು. ಈ ವ್ಯತ್ಯಾಸ ಸಣ್ಣದೆಂದು ತೋರಿದರೂ ಜೀವನ ಚಕ್ರದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಅಂಕ ನುಂಗುವುದು ಇದೇ.

ಬೆಂಗಳೂರಿಗೆ ಬರೋಣ. 1953ರಲ್ಲಿ ಯಂತ್ರೋಪಕರಣ ತಯಾರಿಸಲು ಹುಟ್ಟಿದ ಸರ್ಕಾರಿ ಕಂಪನಿ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ತಯಾರಿಕೆಗೆ ಇಳಿಯಿತು. ಅದುವರೆಗೆ ದೇಶದಲ್ಲಿದ್ದದ್ದು ಹೊರದೇಶದ ವಾಚು, ಅದರಲ್ಲೂ ಸಾಕಷ್ಟು ಪಾಲು ಕಳ್ಳಸಾಗಣೆಯದ್ದು. ವಾಚೆಂದರೇನೆಂದು ಜನರಿಗೆ ಹೇಳಿಕೊಡಬೇಕಿರಲಿಲ್ಲ. ಕೈಗೆಟುಕುವ ಬೆಲೆಯಲ್ಲಿ ಸಿಕ್ಕಿದರೆ ಸಾಕಿತ್ತು. ಪುಸ್ತಕದ ಕಣ್ಣಿಂದ ನೋಡಿದರೆ ಇದು ನಿಧಾನದ ಪೆನಿಟ್ರೇಷನ್‌ಗೆ ಹತ್ತಿರ. ಆದರೆ ಎಚ್‌ಎಂಟಿ ಅದನ್ನು ಮಾರುಕಟ್ಟೆ ತಂತ್ರವೆಂದು ಆರಿಸಿಕೊಂಡಿತೆನ್ನುವುದು ಸರಿಯಾಗಲಾರದು. ಆಮದಿಗೆ ಕಡಿವಾಣ, ತಯಾರಿಕೆಗೆ ಪರವಾನಗಿ ಎಂಬ ಅಂದಿನ ಆರ್ಥಿಕ ನೀತಿಯೇ ಆ ಹಾದಿಯನ್ನು ಹಾಕಿಕೊಟ್ಟಿತ್ತು.

ಏರುವ ಕಾಲದ ಲೆಕ್ಕ

ಜನತಾ, ಪೈಲಟ್, ಕೋಹಿನೂರ್, ಕಾಂಚನ್. ಎಚ್‌ಎಂಟಿಯ ಈ ಹೆಸರುಗಳು ಒಂದು ತಲೆಮಾರಿನವರಿಗೆ ಮನೆಮಂದಿಯ ಹೆಸರಿನಷ್ಟೇ ಸಲಿಗೆಯವು. ಮದುವೆಯಲ್ಲಿ ಅಳಿಯನಿಗೆ, ಪಾಸಾದ ಮಗನಿಗೆ, ನಿವೃತ್ತಿಯಾದ ಗುಮಾಸ್ತರಿಗೆ ಕೊಡುವ ಉಡುಗೊರೆಯೆಂದರೆ ಎಚ್‌ಎಂಟಿ ವಾಚು. ಬೇಡಿಕೆ ತಯಾರಿಕೆಗಿಂತ ಮುಂದೆ ಓಡಿತು. ಕಾಂಚನ್ ಮಾದರಿಗೆ ನಮೂದಿಸಿದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವವರಿದ್ದರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು.

ಬೆಳವಣಿಗೆ ಹಂತದಲ್ಲಿ ಏನು ಮಾಡಬೇಕೆಂದು ಕೋಷ್ಟಕ ಹೇಳುತ್ತದೆ? ಮಾರುಕಟ್ಟೆಯ ಪಾಲನ್ನು ಆದಷ್ಟು ಹಿಗ್ಗಿಸಬೇಕು. ಹೊಸ ಮಾದರಿ, ವಾರಂಟಿ, ರಿಪೇರಿ ಸೇವೆ ಸೇರಿಸಬೇಕು. ಆಯ್ದ ಅಂಗಡಿಗಳಿಂದ ಊರೂರಿನ ಅಂಗಡಿಗಳಿಗೆ ವಿತರಣೆ ಹರಡಬೇಕು. ಜಾಹೀರಾತಿನ ಧಾಟಿ ‘ಇಂಥದೊಂದು ಇದೆ’ ಎನ್ನುವುದರಿಂದ ‘ನಮ್ಮದನ್ನೇ ಕೊಳ್ಳಿ’ ಎನ್ನುವುದಕ್ಕೆ ಹೊರಳಬೇಕು. ರಿಯಾಯಿತಿ, ಬಹುಮಾನಗಳನ್ನು ಕಡಿಮೆ ಮಾಡಬಹುದು. ಈ ಕೊನೆಯ ಮಾತು ಹಲವರನ್ನು ತಪ್ಪು ಉತ್ತರಕ್ಕೆ ಒಯ್ಯುತ್ತದೆ. ಮಾರಾಟ ಜೋರಾಗಿರುವಾಗ ರಿಯಾಯಿತಿಯನ್ನೂ ಜೋರು ಮಾಡಬೇಕಲ್ಲವೇ ಎಂದು ಅನ್ನಿಸುತ್ತದೆ. ಕೊಳ್ಳಲು ಜನ ತಾವೇ ಬರುತ್ತಿರುವಾಗ ಆಮಿಷದ ಅಗತ್ಯವಿಲ್ಲ ಎಂಬುದು ಇಲ್ಲಿನ ತರ್ಕ. ಆಮಿಷ ಬೇಕಾಗುವುದು ಎರಡು ಕಾಲದಲ್ಲಿ: ಪರಿಚಯ ಹಂತದಲ್ಲಿ ಒಮ್ಮೆ ಬಳಸಿ ನೋಡಲೆಂದು, ಪಕ್ವತೆಯ ಹಂತದಲ್ಲಿ ಎದುರಾಳಿಯ ಗಿರಾಕಿಯನ್ನು ಸೆಳೆಯಲೆಂದು.

ಈ ಹಂತದಲ್ಲೇ ಇನ್ನೊಂದು ಪ್ರಸಿದ್ಧ ಪ್ರಶ್ನೆಯೂ ಹುಟ್ಟುತ್ತದೆ: ‘ಮಾರಾಟ ಶಿಖರ ಮುಟ್ಟುವ ಹಂತ ಯಾವುದು? ಲಾಭ ಶಿಖರ ಮುಟ್ಟುವ ಹಂತ ಯಾವುದು?’ ಎರಡಕ್ಕೂ ಒಂದೇ ಉತ್ತರ ಬರೆಯುವವರೇ ಹೆಚ್ಚು. ಕಲ್ಪಿತ ಅಂಕಿಗಳಿಂದ ಇದನ್ನು ಬಿಡಿಸಿ ನೋಡಬಹುದು.

ಒಂದು ಕಂಪನಿ ಮೊದಲ ವರ್ಷ 1,000 ವಾಚು ಮಾರುತ್ತದೆ. ಬೆಲೆ 1,000 ರೂಪಾಯಿ. ಪ್ರಚಾರವೂ ಸೇರಿ ಒಂದು ವಾಚಿಗೆ ತಗಲುವ ವೆಚ್ಚ 1,300 ರೂಪಾಯಿ. ನಷ್ಟ 3 ಲಕ್ಷ. ಬೆಳವಣಿಗೆ ಹಂತದಲ್ಲಿ 10,000 ವಾಚು. ಬೆಲೆಯನ್ನು 900ಕ್ಕೆ ಇಳಿಸಿದೆ, ಆದರೆ ಹೆಚ್ಚು ತಯಾರಿಸಿದ್ದರಿಂದ ವೆಚ್ಚ 600ಕ್ಕೆ ಕುಸಿದಿದೆ. ಲಾಭ 30 ಲಕ್ಷ. ಪಕ್ವತೆಯ ಹಂತದಲ್ಲಿ ಮಾರಾಟ ಇಮ್ಮಡಿಯಾಗಿ 20,000ಕ್ಕೆ ಏರಿದೆ. ಆದರೆ ಎದುರಾಳಿಗಳ ಕಾಟಕ್ಕೆ ಬೆಲೆ 700ಕ್ಕೆ ಬಂದಿದೆ, ವೆಚ್ಚ ಮಾತ್ರ 580ಕ್ಕಿಂತ ಕೆಳಗಿಳಿಯುತ್ತಿಲ್ಲ. ಲಾಭ 24 ಲಕ್ಷ. ಮಾರಾಟ ಶಿಖರದಲ್ಲಿದೆ, ಲಾಭ ಶಿಖರ ದಾಟಿ ಇಳಿಯುತ್ತಿದೆ. ತಯಾರಿಕೆ ಹೆಚ್ಚಿದಂತೆ ವೆಚ್ಚ ಮೊದಮೊದಲು ಬೇಗ ಇಳಿದು ಆಮೇಲೆ ನಿಲ್ಲುತ್ತದೆ. ಬೆಲೆ ಮೊದಮೊದಲು ಗಟ್ಟಿಯಾಗಿದ್ದು ಆಮೇಲೆ ಬೇಗ ಇಳಿಯುತ್ತದೆ. ಇವೆರಡರ ನಡುವಿನ ಅಂತರ ಅತಿ ಅಗಲವಾಗಿರುವುದು ಬೆಳವಣಿಗೆಯ ಕಾಲದಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಲಾಭದ ಶಿಖರವನ್ನು ಕೆಲವು ಪುಸ್ತಕಗಳು ಬೆಳವಣಿಗೆಯ ಕೊನೆಯಲ್ಲಿ ಇಟ್ಟರೆ, ಕೆಲವು ಪಕ್ವತೆಯ ಆರಂಭದಲ್ಲಿ ಇಡುತ್ತವೆ. ಕಾಟ್ಲರ್ ಕೋಷ್ಟಕ ಬೆಳವಣಿಗೆಯಲ್ಲಿ ‘ಏರುವ ಲಾಭ’ ಎಂದೂ ಪಕ್ವತೆಯಲ್ಲಿ ‘ಹೆಚ್ಚಿನ ಲಾಭ’ ಎಂದೂ ಬರೆಯುತ್ತದೆ. ಗಡಿಯ ಮೇಲೆ ನಿಂತ ಸಂಗತಿಯನ್ನು ನಾಲ್ಕು ಆಯ್ಕೆಗಳೊಳಗೆ ತುರುಕಿದರೆ ಜಗಳ ಬರುವುದು ಸಹಜ. ಮಾರಾಟದ ಶಿಖರ ಪಕ್ವತೆಯಲ್ಲಿ ಎಂಬುದರ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಒಂದೇ ಕಾಲ, ಎರಡು ಹಂತ

1984ರಲ್ಲಿ ಟಾಟಾ ಸಮೂಹವೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ ಟೈಟನ್ ಕಂಪನಿ ಕಟ್ಟಿದವು. ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ, ಬೆಂಗಳೂರಿನಿಂದ ಕೂಗಳತೆಯಲ್ಲಿ. ಕಂಪನಿಯನ್ನು ನಡೆಸಿದವರು ಜೆರ್ಕ್ಸಿಸ್ ದೇಸಾಯಿ. ಎಚ್‌ಎಂಟಿ 1980ರ ದಶಕದ ಆರಂಭದಲ್ಲೇ ಕ್ವಾರ್ಟ್ಜ್ ವಾಚು ತಯಾರಿಸಿತ್ತು. ಆದರೆ ಅದರ ಮನಸ್ಸು ಕೀ ಕೊಡುವ ವಾಚಿನಲ್ಲೇ ಉಳಿದಿತ್ತು, ದೊಡ್ಡ ಕಾರ್ಖಾನೆಗಳೂ ಅದಕ್ಕೇ ಒಗ್ಗಿದ್ದವು. ಟೈಟನ್ ಮೊದಲಿನಿಂದಲೇ ಕ್ವಾರ್ಟ್ಜ್ ಮೇಲೆ ಬಾಜಿ ಕಟ್ಟಿತು. ವಾಚನ್ನು ಸಮಯ ನೋಡುವ ಉಪಕರಣವೆನ್ನದೆ ಅಂದದ ವಸ್ತುವೆಂದು ತೋರಿಸಿತು. ಬೆಳಕು ತುಂಬಿದ ತನ್ನದೇ ಶೋರೂಮ್‌ಗಳನ್ನು ತೆರೆಯಿತು. ಮೊಜಾರ್ಟ್‌ನ 25ನೇ ಸಿಂಫನಿಯ ತುಣುಕನ್ನು ಜಾಹೀರಾತಿಗೆ ಹಾಕಿ ಅದನ್ನು ದೇಶದ ಕಿವಿಗೆ ಅಂಟಿಸಿತು.

ಈಗ 1987ರಲ್ಲಿ ನಿಂತು ಕೇಳಿ: ಭಾರತದಲ್ಲಿ ವಾಚು ಯಾವ ಹಂತದಲ್ಲಿತ್ತು? ಕೈಗಡಿಯಾರವೆಂಬ ವರ್ಗವನ್ನೇ ನೋಡಿದರೆ ಬೆಳವಣಿಗೆಯಲ್ಲಿತ್ತು, ವಾಚು ಕಟ್ಟದ ಕೈಗಳು ಇನ್ನೂ ಕೋಟಿಗಟ್ಟಲೆ ಇದ್ದವು. ಕೀ ಕೊಡುವ ವಾಚೆಂಬ ರೂಪ ಪಕ್ವತೆಯ ತುದಿಯಲ್ಲಿತ್ತು. ಕ್ವಾರ್ಟ್ಜ್ ವಾಚೆಂಬ ರೂಪ ಪರಿಚಯದಿಂದ ಬೆಳವಣಿಗೆಗೆ ಕಾಲಿಡುತ್ತಿತ್ತು. ಟೈಟನ್ ಎಂಬ ಬ್ರ್ಯಾಂಡು ಆಗತಾನೆ ಕಣ್ಣು ಬಿಟ್ಟಿತ್ತು. ಒಂದೇ ಅಂಗಡಿಯ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಮೂರು ಹಂತಗಳು ಪಕ್ಕಪಕ್ಕದಲ್ಲಿ ಕುಳಿತಿದ್ದವು.

ಹಾಗಾಗಿ ‘ವಾಚು ಯಾವ ಹಂತದಲ್ಲಿದೆ’ ಎಂಬ ಪ್ರಶ್ನೆಗೆ ವರ್ಗವೇ, ರೂಪವೇ, ಬ್ರ್ಯಾಂಡೇ ಎಂದು ಹೇಳದ ಹೊರತು ಒಂದೇ ಸರಿಯುತ್ತರವಿಲ್ಲ. ಸಾಮಾನ್ಯ ನಿಯಮವಾಗಿ ವರ್ಗದ ಆಯುಷ್ಯ ಎಲ್ಲಕ್ಕಿಂತ ದೀರ್ಘ, ಅದು ಪಕ್ವತೆಯಲ್ಲೇ ದಶಕಗಟ್ಟಲೆ ಉಳಿಯಬಹುದು. ನಾಲ್ಕು ಹಂತಗಳ ಗೆರೆ ಪುಸ್ತಕದಲ್ಲಿರುವಂತೆಯೇ ಎದ್ದು ಕಾಣುವುದು ರೂಪದಲ್ಲಿ. ಬ್ರ್ಯಾಂಡಿನ ಗೆರೆ ಏರಿಳಿತಗಳಿಂದ ಕೂಡಿದ್ದು, ಅದರ ಗತಿ ಕಂಪನಿಯ ಕೈಚಳಕವನ್ನು ಬಹಳವಾಗಿ ನೆಚ್ಚಿಕೊಂಡಿರುತ್ತದೆ. ಪರೀಕ್ಷೆಯಲ್ಲಿ ‘ಟೈಪ್‌ರೈಟರ್’, ‘ಪೇಜರ್’ ಎಂದಿದ್ದರೆ ರೂಪದ ಪ್ರಶ್ನೆ, ಉತ್ತರ ಅವನತಿ. ‘ಉಪ್ಪು’, ‘ಸಾಬೂನು’ ಎಂದಿದ್ದರೆ ವರ್ಗದ ಪ್ರಶ್ನೆ, ಉತ್ತರ ಪಕ್ವತೆ.

ನಡುವಯಸ್ಸಿನ ಮೂರು ದಾರಿ

ಪಕ್ವತೆಯ ಹಂತ ಎಲ್ಲಕ್ಕಿಂತ ಉದ್ದದ್ದು. ನಾವು ನಿತ್ಯ ಕೊಳ್ಳುವ ಸರಕಿನ ಹೆಚ್ಚಿನ ಪಾಲು ಇದೇ ಹಂತದ್ದು. ಇಲ್ಲಿನ ತಂತ್ರಗಳನ್ನು ಪುಸ್ತಕಗಳು ಮೂರಾಗಿ ವಿಂಗಡಿಸುತ್ತವೆ: ಮಾರುಕಟ್ಟೆಯನ್ನು ಮಾರ್ಪಡಿಸುವುದು, ಉತ್ಪನ್ನವನ್ನು ಮಾರ್ಪಡಿಸುವುದು, ಬೆಲೆ-ವಿತರಣೆ-ಪ್ರಚಾರಗಳ ಮಿಶ್ರಣವನ್ನು ಮಾರ್ಪಡಿಸುವುದು. ಕೇಳಲು ಸುಲಭ, ಆದರೆ ಉದಾಹರಣೆ ಕೊಟ್ಟು ಕೇಳಿದಾಗ ಮೊದಲ ಎರಡು ಬೆರೆತುಹೋಗುತ್ತವೆ.

ಟೈಟನ್ ಇದಕ್ಕೂ ಒದಗುತ್ತದೆ. ಹುಡುಗ ಹುಡುಗಿಯರಿಗೆಂದು 1998ರಲ್ಲಿ ಬಂದ ‘ಫಾಸ್ಟ್‌ಟ್ರ್ಯಾಕ್’, ಹೆಂಗಸರಿಗೆಂದು ‘ರಾಗಾ’, ಕಡಿಮೆ ಬೆಲೆಗೆ ‘ಸೊನಾಟಾ’. ಇವೆಲ್ಲ ಹೊಸ ಗಿರಾಕಿಗಳ ಗುಂಪನ್ನು ಹುಡುಕಿ ಹೋದದ್ದು, ಅಂದರೆ ಮಾರುಕಟ್ಟೆಯ ಮಾರ್ಪಾಡು. ‘ಒಂದು ಕೈಗೆ ಒಂದೇ ವಾಚು ಜನ್ಮವಿಡೀ’ ಎಂಬ ಎಚ್‌ಎಂಟಿ ಕಾಲದ ರೂಢಿಯನ್ನು ಮುರಿದು ಕಚೇರಿಗೊಂದು, ಮದುವೆಗೊಂದು, ಉಡುಗೊರೆಗೊಂದು ಎಂದು ಅಭ್ಯಾಸ ಮಾಡಿಸಿದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಕೊಳ್ಳುವವರ ಸಂಖ್ಯೆ ಹೆಚ್ಚಿಸಿದರೂ ಮಾರುಕಟ್ಟೆಯ ಮಾರ್ಪಾಡೇ, ಒಬ್ಬೊಬ್ಬರು ಕೊಳ್ಳುವ ಪ್ರಮಾಣ ಹೆಚ್ಚಿಸಿದರೂ ಮಾರುಕಟ್ಟೆಯ ಮಾರ್ಪಾಡೇ. 2002ರಲ್ಲಿ ಬಂದ ‘ಎಡ್ಜ್’ ಬೇರೆ ಜಾತಿಯದು. ಇಡೀ ವಾಚಿನ ದಪ್ಪ ಬರೀ 3.5 ಮಿಲಿಮೀಟರ್. ಇಲ್ಲಿ ಬದಲಾದದ್ದು ವಸ್ತುವೇ, ಆದ್ದರಿಂದ ಇದು ಉತ್ಪನ್ನದ ಮಾರ್ಪಾಡು. ಹಬ್ಬದ ರಿಯಾಯಿತಿ, ಹಳೆಯದನ್ನು ಕೊಟ್ಟು ಹೊಸದು ಕೊಳ್ಳುವ ಯೋಜನೆಗಳು ಮಿಶ್ರಣದ ಮಾರ್ಪಾಡು.

ಪರೀಕ್ಷೆಯ ಒಂದು ನಮೂನೆ: ‘ಮಕ್ಕಳ ಶಾಂಪೂವನ್ನು ಅದೇ ಸೀಸೆಯಲ್ಲಿ, ಅದೇ ಬೆಲೆಯಲ್ಲಿ ದೊಡ್ಡವರೂ ಬಳಸಬಹುದೆಂದು ಕಂಪನಿ ಪ್ರಚಾರ ಮಾಡಿತು. ಇದು ಯಾವ ತಂತ್ರ?’ ಪ್ರಚಾರ ಎಂಬ ಪದ ನೋಡಿ ಮಿಶ್ರಣದ ಮಾರ್ಪಾಡೆಂದು ಬರೆಯುವ ಆಸೆಯಾಗುತ್ತದೆ. ಆದರೆ ಪ್ರಚಾರ ಇಲ್ಲಿ ಬರೀ ಸಾಧನ, ಗುರಿ ಹೊಸ ಬಳಕೆದಾರರು. ಉತ್ತರ ಮಾರುಕಟ್ಟೆಯ ಮಾರ್ಪಾಡು.

ಇಳಿಜಾರಿನಲ್ಲಿ

1991ರ ನಂತರ ಬಾಗಿಲುಗಳು ತೆರೆದವು, ವಿದೇಶಿ ವಾಚುಗಳು ಬಂದವು. ಎಚ್‌ಎಂಟಿ ವಾಚು ವಿಭಾಗ ನಷ್ಟದ ಮೇಲೆ ನಷ್ಟ ಕಂಡಿತು. ಅದನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಅವನತಿ ಹಂತದ ಬಗ್ಗೆ ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯದ ಕೊನೆಯ ಎರಡು ಪುಟಗಳಷ್ಟೇ ಇರುತ್ತವೆ, ಆದರೆ ವಿಷಯ ಅಷ್ಟು ಸರಳವಲ್ಲ. ಇಲ್ಲಿ ಕಂಪನಿಯ ಮುಂದೆ ಹಲವು ದಾರಿಗಳಿವೆ ಎಂದು ಕ್ಯಾಥರಿನ್ ಹ್ಯಾರಿಗನ್ ತೋರಿಸಿದ್ದಾರೆ. ಇನ್ನಷ್ಟು ಬಂಡವಾಳ ಹಾಕಿ ಉಳಿದ ಮಾರುಕಟ್ಟೆಗೆ ಒಡೆಯನಾಗುವುದು ಒಂದು. ಸುಮ್ಮನೆ ಇದ್ದ ಸ್ಥಿತಿ ಕಾಯ್ದುಕೊಳ್ಳುವುದು ಇನ್ನೊಂದು. ಲಾಭವಿಲ್ಲದ ಗಿರಾಕಿಗಳನ್ನು ಬಿಟ್ಟು ಒಂದು ಸಣ್ಣ ಗುಂಪನ್ನು ಹಿಡಿದುಕೊಳ್ಳಬಹುದು. ಹೊಸ ಖರ್ಚೆಲ್ಲ ನಿಲ್ಲಿಸಿ ಬರುವಷ್ಟು ಹಣವನ್ನು ಹಿಂಡಿಕೊಳ್ಳಬಹುದು. ಇದನ್ನು ಪುಸ್ತಕಗಳು ‘ಹಾರ್ವೆಸ್ಟಿಂಗ್’ ಎನ್ನುತ್ತವೆ. ಕೊನೆಯದು ಮಾರಿಬಿಡುವುದು ಅಥವಾ ಮುಚ್ಚುವುದು, ಅಂದರೆ ‘ಡೈವೆಸ್ಟಿಂಗ್’. ಈ ಕೊನೆಯ ಎರಡನ್ನು ಅದಲುಬದಲು ಮಾಡುವುದೇ ಪ್ರಶ್ನೆ ಬರೆಯುವವರ ನೆಚ್ಚಿನ ಆಟ. ಉತ್ಪನ್ನ ಅಂಗಡಿಯಲ್ಲಿ ಇನ್ನೂ ಸಿಗುತ್ತಿದ್ದು ಜಾಹೀರಾತು ಮಾತ್ರ ನಿಂತಿದ್ದರೆ ಹಾರ್ವೆಸ್ಟಿಂಗ್. ಉತ್ಪನ್ನವನ್ನೇ ಕಂಪನಿ ಕೈಬಿಟ್ಟಿದ್ದರೆ ಡೈವೆಸ್ಟಿಂಗ್.

ಎಚ್‌ಎಂಟಿಯದು ಕೊನೆಗೆ ಡೈವೆಸ್ಟಿಂಗ್ ಆಯಿತು. ಆದರೆ ಅದೇ ಕೀ ಕೊಡುವ ವಾಚಿಗೆ ಸ್ವಿಟ್ಜರ್‌ಲೆಂಡಿನಲ್ಲಿ ಬೇರೆಯೇ ಗತಿ ಬಂತು. ಕ್ವಾರ್ಟ್ಜ್ ಹೊಡೆತಕ್ಕೆ ಅಲ್ಲಿನ ವಾಚು ಉದ್ಯಮದ ನೌಕರರ ಸಂಖ್ಯೆ 1970ರ ಸುಮಾರು 90,000ದಿಂದ 1980ರ ದಶಕದ ಮಧ್ಯಕ್ಕೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಸ್ವಿಸ್ ಕಂಪನಿಗಳು ಎರಡು ಕಡೆಯಿಂದ ಉತ್ತರ ಕೊಟ್ಟವು. 1983ರಲ್ಲಿ ‘ಸ್ವಾಚ್’ ಎಂಬ ಅಗ್ಗದ, ಬಣ್ಣಬಣ್ಣದ ಪ್ಲಾಸ್ಟಿಕ್ ಕ್ವಾರ್ಟ್ಜ್ ವಾಚನ್ನು ತಂದು ಎದುರಾಳಿಯ ಅಂಗಳದಲ್ಲೇ ಆಡಿದವು. ಇನ್ನೊಂದು ಕಡೆ, ಕೀ ಕೊಡುವ ವಾಚನ್ನು ನಿಖರತೆಯ ಪೈಪೋಟಿಯಿಂದಲೇ ಹೊರಗೆ ತೆಗೆದು, ಕುಶಲಕರ್ಮಿಯ ಕೈಕೆಲಸದ ಐಷಾರಾಮಿ ಒಡವೆಯಾಗಿ ಮಾರಿದವು. ಈಗ ಸ್ವಿಸ್ ವಾಚು ರಫ್ತಿನ ಹಣದಲ್ಲಿ ದೊಡ್ಡ ಪಾಲು ಬರುವುದು ಈ ಮೆಕ್ಯಾನಿಕಲ್ ವಾಚುಗಳಿಂದಲೇ. ಇಳಿಯುತ್ತಿದ್ದ ರೂಪವೊಂದು ಸಣ್ಣ ಗುಂಪಿನ ಕಡೆ ತಿರುಗಿ ದುಬಾರಿಯಾಗಿ ಎದ್ದು ನಿಂತಿತು. ಭಾರತದಲ್ಲೂ, ಎಚ್‌ಎಂಟಿ ಮುಚ್ಚುತ್ತದೆಂಬ ಸುದ್ದಿ 2014ರಲ್ಲಿ ಹರಡಿದಾಗ ಅದೇ ಹಳೆಯ ಮಾದರಿಗಳಿಗೆ ಜನ ಮುಗಿಬಿದ್ದರು. ಆ ನೆನಪಿನ ಗಿರಾಕಿಗಳ ಗುಂಪು ಇತ್ತು. ಅದನ್ನು ಸಮಯಕ್ಕೆ ಸರಿಯಾಗಿ ಹಿಡಿಯುವ ಕಂಪನಿ ಇರಲಿಲ್ಲ ಎಂದರೆ ಕಠಿಣವಾಗಿ ಕೇಳಿಸಬಹುದು, ಆದರೆ ಸುಳ್ಳಲ್ಲ.

ಸ್ವಿಸ್ ಉದಾಹರಣೆ ಈ ಸಿದ್ಧಾಂತದ ಮಿತಿಯನ್ನೂ ತೋರಿಸುತ್ತದೆ. ಮಾರಾಟ ಕುಸಿಯಿತು, ಆದ್ದರಿಂದ ಉತ್ಪನ್ನ ಅವನತಿ ಹಂತದಲ್ಲಿದೆ, ಆದ್ದರಿಂದ ಜಾಹೀರಾತು ನಿಲ್ಲಿಸೋಣ ಎಂದು ವ್ಯವಸ್ಥಾಪಕರು ತೀರ್ಮಾನಿಸಿದರೆ ಮಾರಾಟ ಇನ್ನಷ್ಟು ಕುಸಿಯುತ್ತದೆ, ಸಿದ್ಧಾಂತ ನಿಜವಾದಂತೆ ತೋರುತ್ತದೆ. ಕುಸಿತಕ್ಕೆ ಕಾರಣ ಉತ್ಪನ್ನದ ವಯಸ್ಸೋ ಕಂಪನಿಯ ಕೈಬಿಡುವಿಕೆಯೋ ಎಂದು ಆಮೇಲೆ ಹೇಳಲಾಗದು. ಧಲ್ಲಾ ಮತ್ತು ಯೂಸ್ಪೆ 1976ರಲ್ಲಿ ಜೀವನ ಚಕ್ರವೆಂಬ ಕಲ್ಪನೆಯನ್ನೇ ಮರೆತುಬಿಡಿ ಎಂದು ಬರೆದದ್ದು ಇದೇ ಕಾರಣಕ್ಕೆ. ಒಂದು ವರ್ಷದ ಇಳಿಕೆ ಮಳೆ ಕೈಕೊಟ್ಟದ್ದರಿಂದಲೋ, ತೆರಿಗೆ ಏರಿದ್ದರಿಂದಲೋ ಆಗಿರಬಹುದು. ಆ ಕ್ಷಣದಲ್ಲಿ ಕುಳಿತವರಿಗೆ ಗೆರೆಯ ಮುಂದಿನ ಭಾಗ ಕಾಣುವುದಿಲ್ಲ.

ನೆಟ್‌ನಂಥ ಪರೀಕ್ಷೆಗಳು ಈ ತಕರಾರನ್ನು ‘ಸಮರ್ಥನೆ–ಕಾರಣ’ ನಮೂನೆಯಲ್ಲಿ ತರುತ್ತವೆ. ‘ಸಮರ್ಥನೆ: ಪ್ರತಿ ಉತ್ಪನ್ನವೂ ನಾಲ್ಕು ಹಂತಗಳನ್ನು ಕ್ರಮವಾಗಿ ದಾಟಲೇಬೇಕು. ಕಾರಣ: ತಂತ್ರಜ್ಞಾನವೂ ಗಿರಾಕಿಯ ಅಭಿರುಚಿಯೂ ಬದಲಾಗುತ್ತವೆ.’ ಕಾರಣ ನಿಜ. ಸಮರ್ಥನೆ ಸುಳ್ಳು, ಏಕೆಂದರೆ ಅನೇಕ ಉತ್ಪನ್ನಗಳು ಪರಿಚಯ ಹಂತದಲ್ಲೇ ಸಾಯುತ್ತವೆ, ಕೆಲವು ಇಳಿದು ಮತ್ತೆ ಏರುತ್ತವೆ. ‘ಲೇಬೇಕು’, ‘ಯಾವಾಗಲೂ’, ‘ಪ್ರತಿಯೊಂದೂ’ ಎಂಬ ಮಾತುಗಳು ಇಂಥ ಪ್ರಶ್ನೆಯಲ್ಲಿ ಕಂಡರೆ ಅನುಮಾನಿಸುವುದು ಒಳ್ಳೆಯದು. ನೆಟ್‌ನಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಕಿಲ್ಲ. ಎರಡು ಆಯ್ಕೆಗಳನ್ನು ತರ್ಕದಿಂದ ತಳ್ಳಿಹಾಕಿದರೂ ಅರ್ಧ ಗೆದ್ದಂತೆ.

ತೊಂದರೆ ಬರೆಯುವವರ ಕಡೆಯಿಂದಲೂ ಇದೆ. ‘ಪೆನಿಟ್ರೇಷನ್ ಬೆಲೆ ಯಾವ ಹಂತಕ್ಕೆ ಸೇರಿದ್ದು?’ ಎಂದು ಬರಿದೇ ಕೇಳುವ ಪ್ರಶ್ನೆಗಳು ಗೈಡುಗಳಲ್ಲಿ ಹೇರಳ. ಕಾಟ್ಲರ್ ಕೋಷ್ಟಕದ ಪ್ರಕಾರ ಅದು ಬೆಳವಣಿಗೆಗೆ ಸೇರಿದ್ದು. ಹೊಸ ಉತ್ಪನ್ನದ ಬೆಲೆಯ ಅಧ್ಯಾಯದ ಪ್ರಕಾರ ಪರಿಚಯಕ್ಕೆ. ಎರಡೂ ಒಂದೇ ಪುಸ್ತಕದಲ್ಲಿವೆ. ‘ಕೆಳಗಿನವುಗಳಲ್ಲಿ ಅವನತಿ ಹಂತದ ಉತ್ಪನ್ನ ಯಾವುದು? (ಎ) ಸ್ಮಾರ್ಟ್‌ವಾಚು (ಬಿ) ಉಪ್ಪು (ಸಿ) ಮೆಕ್ಯಾನಿಕಲ್ ವಾಚು (ಡಿ) ಸಾಬೂನು’ ಎಂಬ ಪ್ರಶ್ನೆಗೆ (ಸಿ) ಎಂದು ಉತ್ತರ ಕೊಟ್ಟಿದ್ದರೆ ಜಿನೀವಾದ ವ್ಯಾಪಾರಿ ನಕ್ಕಾನು. ಅದನ್ನೇ ಹೀಗೆ ತಿದ್ದಬಹುದು: ‘1995ರ ಭಾರತದಲ್ಲಿ ದಿನಬಳಕೆಯ ಬೆಲೆಯ, ಕೀ ಕೊಡುವ ಕೈಗಡಿಯಾರದ ಮಾರಾಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಗಿರಾಕಿಗಳು ಕ್ವಾರ್ಟ್ಜ್ ಕಡೆ ಹೋಗುತ್ತಿದ್ದರು. ತಯಾರಕ ಕಂಪನಿ ಜಾಹೀರಾತು ನಿಲ್ಲಿಸಿ, ಹೊಸ ಮಾದರಿ ತರದೆ, ಇದ್ದ ದಾಸ್ತಾನನ್ನು ಹಳೆಯ ಅಂಗಡಿಗಳ ಮೂಲಕ ಮಾರುತ್ತ ಬಂದ ಹಣ ಪಡೆಯುತ್ತಿದ್ದರೆ, ಅದು ಅನುಸರಿಸುತ್ತಿರುವ ತಂತ್ರ ಯಾವುದು? (ಎ) ಮಾರುಕಟ್ಟೆಯ ಮಾರ್ಪಾಡು (ಬಿ) ಹಾರ್ವೆಸ್ಟಿಂಗ್ (ಸಿ) ಡೈವೆಸ್ಟಿಂಗ್ (ಡಿ) ನಿಧಾನದ ಸ್ಕಿಮ್ಮಿಂಗ್.’ ದೇಶ, ಕಾಲ, ರೂಪ, ಬೆಲೆಯ ವರ್ಗ ನಾಲ್ಕೂ ಇಲ್ಲಿ ಗೊತ್ತಾಗಿವೆ. ಅಂಗಡಿಯಲ್ಲಿ ವಾಚು ಇನ್ನೂ ಸಿಗುತ್ತಿರುವುದರಿಂದ (ಸಿ) ಬೀಳುತ್ತದೆ, ಹೊಸ ಗಿರಾಕಿಯನ್ನು ಹುಡುಕದ್ದರಿಂದ (ಎ) ಬೀಳುತ್ತದೆ, ಸ್ಕಿಮ್ಮಿಂಗ್ ಹೊಸ ಉತ್ಪನ್ನದ ಮಾತಾದ್ದರಿಂದ (ಡಿ) ಬೀಳುತ್ತದೆ. ಉಳಿಯುವುದು (ಬಿ).